ಜೆಡಿ ಒಂದು ಕಡೆ, ರೆಸ್ಯೂಮೆ ಇನ್ನೊಂದು ಕಡೆ: ಕೊರತೆ ಪಟ್ಟಿ ಮಾಡುವ ವಿಧಾನ

ಕೆಲಸದ ಜಾಹೀರಾತು ಓದಿ "ಇದೆಲ್ಲ ನನಗೆ ಬರುತ್ತದೆ" ಎಂದುಕೊಂಡು ಅರ್ಜಿ ಹಾಕುತ್ತೀರಿ, ಕರೆ ಬರುವುದಿಲ್ಲ. ಬಹಳಷ್ಟು ಸಲ ಅಲ್ಲಿ ಆಗಿರುವುದು ಇಷ್ಟೇ: ಕೆಲಸ ನಿಮಗೆ ಬರುತ್ತದೆ, ಆದರೆ ಅದು ರೆಸ್ಯೂಮೆಯಲ್ಲಿ ಎಲ್ಲೂ ಬರೆದಿಲ್ಲ. ಇನ್ನು ಕೆಲವು ಸಲ ಅವರು ಕೇಳಿದ್ದರಲ್ಲಿ ಒಂದೆರಡು ನಿಜಕ್ಕೂ ಬರುವುದಿಲ್ಲ, ಓದುವಾಗ ಕಣ್ಣು ಅದರ ಮೇಲೆ ಹಾಯ್ದು ಹೋಗಿರುತ್ತದೆ. ಈ ಎರಡು ಕೊರತೆಗಳಿಗೆ ಮದ್ದು ಬೇರೆ ಬೇರೆ. ಅವನ್ನು ಬಿಡಿಸಿ ನೋಡುವುದಕ್ಕೆ ಕೊರತೆ ಪಟ್ಟಿ ಬೇಕು. ಎಡಗಡೆ ಜೆಡಿಯ, ಅಂದರೆ ಜಾಬ್ ಡಿಸ್ಕ್ರಿಪ್ಷನ್‌ನ ಒಂದೊಂದು ಬೇಡಿಕೆ, ಅದರ ಎದುರಿಗೆ ರೆಸ್ಯೂಮೆಯಲ್ಲಿರುವ ಪುರಾವೆ, ಪಕ್ಕದಲ್ಲಿ ಒಂದು ಗುರುತು. ಮೊದಲ ಸಲ ಒಂದೂವರೆ ಗಂಟೆ ಹಿಡಿಯಬಹುದು, ಮುಂದೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ವಿವರಿಸುವುದಕ್ಕೆ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ದಾವಣಗೆರೆಯ ಸಗಟು ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆದ ಬಿಕಾಂ ಪದವೀಧರೆಯೊಬ್ಬರು ಬೆಂಗಳೂರಿನ ಪೀಣ್ಯದ ಉತ್ಪಾದನಾ ಘಟಕವೊಂದಕ್ಕೆ ಅಕೌಂಟ್ಸ್ ಎಕ್ಸಿಕ್ಯೂಟಿವ್ ಆಗಿ ಅರ್ಜಿ ಹಾಕುತ್ತಿದ್ದಾರೆ. ಜಾಹೀರಾತೂ ರೆಸ್ಯೂಮೆಯೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತವೆ. ಇಲ್ಲಿ ಸಾಲುಗಳನ್ನು ಕನ್ನಡದಲ್ಲಿ ಕೊಟ್ಟಿದ್ದೇವೆ.

## ಮೊದಲು ಜೆಡಿಯನ್ನು ಕೈಗೆ ತೆಗೆದುಕೊಳ್ಳಿ

ಜಾಹೀರಾತಿನ ಲಿಂಕ್ ಇಟ್ಟುಕೊಂಡರೆ ಸಾಲದು. ಅರ್ಜಿ ಹಾಕುವ ಕೊನೆಯ ದಿನ ದಾಟಿದ ಮೇಲೆ ಪುಟ ಮಾಯವಾಗುತ್ತದೆ. ಇಂಟರ್‌ವ್ಯೂಗೆ ಕರೆ ಬರುವ ಹೊತ್ತಿಗೆ ನಿಮ್ಮ ಹತ್ತಿರ ಏನೂ ಉಳಿದಿರುವುದಿಲ್ಲ. ಪೂರ್ತಿ ಪಠ್ಯವನ್ನು ಕಾಪಿ ಮಾಡಿ ಒಂದು ಕಡತದಲ್ಲಿ ಹಾಕಿ, ಮೇಲೆ ದಿನಾಂಕ ಬರೆಯಿರಿ. ನಮ್ಮ ಉದಾಹರಣೆಯ ಜೆಡಿ ಹೀಗಿದೆ:

> ಬಿಕಾಂ ಅಥವಾ ಎಂಕಾಂ. ಅಕೌಂಟ್ಸ್‌ನಲ್ಲಿ ಕನಿಷ್ಠ 3 ವರ್ಷ, ಅದರಲ್ಲಿ 2 ವರ್ಷ ಜಿಎಸ್‌ಟಿ. ಟ್ಯಾಲಿ ಪ್ರೈಮ್ ಮತ್ತು ಎಕ್ಸೆಲ್ (ಪಿವೊಟ್, ಲುಕಪ್) ಕಡ್ಡಾಯ. ಜಿಎಸ್‌ಟಿಆರ್-1, 3ಬಿ ಸಲ್ಲಿಕೆ ಹಾಗೂ 2ಬಿ ಜೊತೆ ಇನ್‌ಪುಟ್ ತೆರಿಗೆ ತಾಳೆ. ಟಿಡಿಎಸ್ ಕಡಿತ, ಪಾವತಿ, ತ್ರೈಮಾಸಿಕ ರಿಟರ್ನ್. ಬ್ಯಾಂಕ್ ರೀಕನ್ಸಿಲಿಯೇಷನ್. ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಹಿಂದಿನ ತಿಂಗಳ ಲೆಕ್ಕ ಮುಕ್ತಾಯ. ಉತ್ಪಾದನಾ ಘಟಕದ ಅನುಭವಕ್ಕೆ ಆದ್ಯತೆ. ಎಸ್‌ಎಪಿ ಪರಿಚಯವಿದ್ದರೆ ಒಳ್ಳೆಯದು. ಕನ್ನಡ, ಇಂಗ್ಲಿಷ್ ಬರಬೇಕು. ತಂಡದೊಂದಿಗೆ ಬೆರೆಯುವ ಉತ್ಸಾಹಿ ವ್ಯಕ್ತಿ.

ಈಗ ಇದನ್ನು ಸಾಲುಗಳಾಗಿ ಒಡೆಯಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ಒಂದು ವಾಕ್ಯವನ್ನು ಒಂದು ಬೇಡಿಕೆ ಎಂದು ಎಣಿಸುತ್ತಾರೆ. "ಟಿಡಿಎಸ್ ಕಡಿತ, ಪಾವತಿ, ತ್ರೈಮಾಸಿಕ ರಿಟರ್ನ್" ಎನ್ನುವುದು ಒಂದೇ ಸಾಲಾದರೆ, ಕಡಿತ ಮಾತ್ರ ಮಾಡಿ ಗೊತ್ತಿರುವವರೂ "ಟಿಡಿಎಸ್ ಬರುತ್ತದೆ" ಎಂದು ಗುರುತು ಹಾಕಿಬಿಡುತ್ತಾರೆ. ಒಡೆಯಬೇಕೋ ಬೇಡವೋ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು: ಇದರಲ್ಲಿ ಒಂದು ಬಂದು ಇನ್ನೊಂದು ಬಾರದಿರುವ ಮನುಷ್ಯ ಇರಬಹುದೇ? ಇರಬಹುದಾದರೆ ಎರಡು ಸಾಲು ಮಾಡಿ. ಟಿಡಿಎಸ್ ಕಡಿದು ಮುಂದಿನ ತಿಂಗಳ 7ರೊಳಗೆ ಚಲನ್ ಕಟ್ಟುವವರು ಅಂಗಡಿ ಅಂಗಡಿಯಲ್ಲೂ ಇದ್ದಾರೆ. ಮೂರು ತಿಂಗಳಿಗೊಮ್ಮೆ ರಿಟರ್ನ್ ತಯಾರಿಸುವುದನ್ನು ಬಹುತೇಕ ಸಣ್ಣ ಅಂಗಡಿಗಳಲ್ಲಿ ಆಡಿಟರ್ ಕಚೇರಿಗೆ ಬಿಟ್ಟಿರುತ್ತಾರೆ. ಹಾಗಾಗಿ ಅವು ಎರಡು ಸಾಲು. ಜಿಎಸ್‌ಟಿಆರ್-1 ಮತ್ತು 3ಬಿ ಮಾತ್ರ ಒಂದೇ ಸರಪಳಿಯ ಕೆಲಸ, 11ನೇ ತಾರೀಖಿಗೆ ಒಂದು, 20ಕ್ಕೆ ಇನ್ನೊಂದು. ಅವುಗಳಿಗೆ ಒಂದು ಸಾಲು ಸಾಕು. ಸರಬರಾಜುದಾರರು ಪೋರ್ಟಲಿಗೆ ಹಾಕಿದ ಬಿಲ್ಲುಗಳ ಪಟ್ಟಿಯಾದ 2ಬಿಯೊಡನೆ ತಾಳೆ ನೋಡುವುದು ಬೇರೆಯದೇ ಕೆಲಸ, ಅದಕ್ಕೆ ಬೇರೆ ಸಾಲು ಕೊಡಿ.

"ಅಥವಾ" ಮತ್ತು "ಮತ್ತು" ಎಂಬ ಎರಡು ಪದಗಳನ್ನು ಗಮನಿಸಿ. "ಬಿಕಾಂ ಅಥವಾ ಎಂಕಾಂ" ಒಂದು ಸಾಲು, ಒಂದಿದ್ದರೂ ತೀರಿತು. "ಟ್ಯಾಲಿ ಮತ್ತು ಎಕ್ಸೆಲ್" ಎರಡು ಸಾಲು. "ಉತ್ಸಾಹಿ ವ್ಯಕ್ತಿ" ಎಂಬಂಥ ಮಾತುಗಳನ್ನು ಪಟ್ಟಿಗೆ ಸೇರಿಸಬೇಡಿ. ಅವಕ್ಕೆ ಪುರಾವೆಯೆಂದು ತೋರಿಸುವುದಕ್ಕೆ ರೆಸ್ಯೂಮೆಯಲ್ಲಿ ಏನೂ ಇರುವುದಿಲ್ಲ, ಸೇರಿಸಿದರೆ ಲೆಕ್ಕ ಮಾತ್ರ ಕೆಡುತ್ತದೆ. ಹೀಗೆ ಒಡೆದಾಗ ನಮ್ಮ ಜೆಡಿಯಲ್ಲಿ 14 ಸಾಲು ಬರುತ್ತವೆ. 8ಕ್ಕಿಂತ ಕಡಿಮೆ ಬಂದರೆ ಸರಿಯಾಗಿ ಒಡೆದಿಲ್ಲ ಎಂದು ಅನುಮಾನಿಸಿ. 25 ದಾಟಿದರೆ ಒಂದೇ ಬೇಡಿಕೆಯನ್ನು ಎರಡು ಕಡೆ ಬರೆದುಕೊಂಡಿದ್ದೀರೇನೋ ನೋಡಿ.

ಪ್ರತಿ ಸಾಲಿಗೂ ಒಂದು ತೂಕ ಕೊಡಿ: "ಕಡ್ಡಾಯ" ಅಥವಾ "ಆದ್ಯತೆ". ಇದನ್ನು ನಿಮ್ಮ ಅನುಕೂಲದಂತೆ ನಿರ್ಧರಿಸದೆ ಜೆಡಿಯ ಪದಗಳಿಂದಲೇ ತೆಗೆಯಬೇಕು. "ಕನಿಷ್ಠ", "ಕಡ್ಡಾಯ", "ಬರಬೇಕು" ಎಂದಿದ್ದರೆ ಕಡ್ಡಾಯ. "ಇದ್ದರೆ ಒಳ್ಳೆಯದು", "ಪರಿಚಯ", "ಆದ್ಯತೆ" ಎಂದಿದ್ದರೆ ಆದ್ಯತೆ. ಯಾವ ವಿಶೇಷಣವೂ ಇಲ್ಲದೆ ಜವಾಬ್ದಾರಿಗಳ ಭಾಗದಲ್ಲಿ ಬಂದ ಕೆಲಸವನ್ನು ಕಡ್ಡಾಯವೆಂದೇ ಹಿಡಿಯಿರಿ. ಸೇರಿದ ಮೊದಲ ತಿಂಗಳಿಂದಲೇ ಆ ಕೆಲಸ ನಿಮ್ಮ ಮೇಜಿನ ಮೇಲಿರುತ್ತದೆ. ನಮ್ಮ 14ರಲ್ಲಿ 12 ಕಡ್ಡಾಯ, 2 ಆದ್ಯತೆ.

## ಪುರಾವೆಯ ಕಾಲಂ: ನೆನಪಿನಿಂದ ತುಂಬಬಾರದು

ಇಡೀ ಪಟ್ಟಿಯ ಜೀವ ಇರುವುದು ಈ ಕಾಲಂನಲ್ಲಿ. ನಿಯಮ ಒಂದೇ: ರೆಸ್ಯೂಮೆಯನ್ನು ತೆರೆದಿಟ್ಟುಕೊಂಡು, ಅದರಲ್ಲಿ ಇರುವ ವಾಕ್ಯವನ್ನು ಇದ್ದ ಹಾಗೆಯೇ ಕಾಪಿ ಮಾಡಿ ಅಂಟಿಸಿ. ಒಂದಕ್ಷರವನ್ನೂ ತಿದ್ದಬೇಡಿ. ವಾಕ್ಯ ಸಿಗದಿದ್ದರೆ ಖಾಲಿ ಬಿಡಿ.

ಇದು ಯಾಕೆ ಮುಖ್ಯ ಎಂದರೆ, ನೀವು ನಿಮ್ಮ ರೆಸ್ಯೂಮೆ ಓದುವಾಗ ಅಲ್ಲಿಲ್ಲದ್ದನ್ನೂ ನೆನಪು ತುಂಬಿಕೊಡುತ್ತದೆ. "ಜಿಎಸ್‌ಟಿ ಕೆಲಸ ನೋಡಿಕೊಳ್ಳುವುದು" ಎಂಬ ಸಾಲು ಕಂಡರೆ ನಿಮಗೆ ಪ್ರತಿ ತಿಂಗಳ 2ಬಿ ಡೌನ್‌ಲೋಡ್, ಬಾರದ ಬಿಲ್ಲಿಗಾಗಿ ಸೂರತ್ತಿನ ಸರಬರಾಜುದಾರರಿಗೆ ಮಾಡಿದ ಫೋನು, ಎಲ್ಲ ನೆನಪಾಗುತ್ತದೆ. ಪೀಣ್ಯದಲ್ಲಿ ಅದನ್ನು ಓದುವ ಎಚ್‌ಆರ್‌ಗೆ ಕಾಣುವುದು ಮೂರು ಪದ ಮಾತ್ರ.

ಕೌಶಲಗಳ ಪಟ್ಟಿಯಲ್ಲಿ "ಎಕ್ಸೆಲ್" ಎಂದು ಒಂದು ಪದ ಇದ್ದರೆ ಅದು ಪೂರ್ತಿ ಪುರಾವೆಯಾಗುವುದಿಲ್ಲ. ಪೂರ್ತಿ ಪುರಾವೆ ಎನ್ನಬೇಕಾದರೆ ಆ ಸಾಲಿನಲ್ಲಿ ಏನು ಮಾಡಿದ್ದು, ಯಾವುದರಲ್ಲಿ ಮಾಡಿದ್ದು, ಎಷ್ಟು ಪ್ರಮಾಣದಲ್ಲಿ ಅಥವಾ ಎಷ್ಟು ಸಲ ಮಾಡಿದ್ದು ಎಂಬ ಮೂರರಲ್ಲಿ ಕನಿಷ್ಠ ಎರಡು ಇರಬೇಕು. ಪದವಿ, ಭಾಷೆಗಳಿಗೆ ಇದು ಅನ್ವಯಿಸುವುದಿಲ್ಲ, ಅವು ಇದ್ದರೆ ಇದ್ದಂತೆಯೇ.

ಗುರುತುಗಳು ನಾಲ್ಕು. ಹೌದು-ಇಲ್ಲ ಎಂಬ ಎರಡೇ ಗುರುತಿಟ್ಟುಕೊಂಡರೆ ಪಟ್ಟಿ ಮಾಡಿದ್ದೇ ವ್ಯರ್ಥ. ಬರವಣಿಗೆಯ ಕೊರತೆಯೂ ಕೆಲಸದ ಕೊರತೆಯೂ ಒಂದೇ ಗುಂಪಿಗೆ ಬಿದ್ದುಬಿಡುತ್ತವೆ.

- ಇದೆ: ಪುರಾವೆಯ ವಾಕ್ಯ ಇದೆ, ಅಪರಿಚಿತರು ಓದಿದರೂ ಒಪ್ಪುತ್ತಾರೆ.
- ಮಸುಕು: ಏನೋ ಒಂದು ಸಾಲು ಇದೆ, ಆದರೆ ಕೇಳಿದ್ದು ಅದೇ ಎಂದು ಖಚಿತವಾಗುವುದಿಲ್ಲ.
- ಬರೆದಿಲ್ಲ: ಕೆಲಸ ಮಾಡಿದ್ದೀರಿ, ರೆಸ್ಯೂಮೆಯಲ್ಲಿ ಒಂದು ಪದವೂ ಇಲ್ಲ.
- ಇಲ್ಲ: ಆ ಕೆಲಸವನ್ನು ನೀವು ಮಾಡಿಯೇ ಇಲ್ಲ.

ಕೊನೆಯ ಎರಡರ ನಡುವೆ ಗೊಂದಲವಾದರೆ ಹೀಗೆ ಕೇಳಿಕೊಳ್ಳಿ: ಈಗ ಕಂಪ್ಯೂಟರ್ ಮುಂದೆ ಕೂರಿಸಿ "ಮಾಡಿ ತೋರಿಸಿ" ಎಂದರೆ ಯಾರನ್ನೂ ಕೇಳದೆ ಶುರು ಮಾಡಬಲ್ಲಿರಾ? ಇನ್ನೊಬ್ಬರು ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿದ್ದರೆ ಅದು "ಇಲ್ಲ".

## ತುಂಬಿದ ಪಟ್ಟಿ

ನಮ್ಮ ಅಭ್ಯರ್ಥಿಯ ರೆಸ್ಯೂಮೆಯನ್ನು ಎದುರಿಗಿಟ್ಟು ತುಂಬಿದಾಗ ಹೀಗಾಗುತ್ತದೆ. ಬೇಡಿಕೆಗಳನ್ನು ಇಲ್ಲಿ ಚಿಕ್ಕದಾಗಿಸಿದ್ದೇವೆ. ನಿಮ್ಮ ಹಾಳೆಯಲ್ಲಿ ಜೆಡಿಯ ಮೂಲ ಪದಗಳೇ ಇರಲಿ.

| ಸಂಖ್ಯೆ | ಬೇಡಿಕೆ | ತೂಕ | ರೆಸ್ಯೂಮೆಯಲ್ಲಿರುವ ಸಾಲು | ಗುರುತು |
|---|---|---|---|---|
| 1 | ಬಿಕಾಂ / ಎಂಕಾಂ | ಕಡ್ಡಾಯ | ಬಿಕಾಂ, 2021 | ಇದೆ |
| 2 | ಅಕೌಂಟ್ಸ್ 3 ವರ್ಷ | ಕಡ್ಡಾಯ | ಅಕೌಂಟೆಂಟ್, 2021–2024 | ಮಸುಕು |
| 3 | ಜಿಎಸ್‌ಟಿ 2 ವರ್ಷ | ಕಡ್ಡಾಯ | ಜಿಎಸ್‌ಟಿ ಕೆಲಸ ನೋಡಿಕೊಳ್ಳುವುದು | ಮಸುಕು |
| 4 | ಟ್ಯಾಲಿ ಪ್ರೈಮ್ | ಕಡ್ಡಾಯ | ಪ್ರತಿದಿನ ಟ್ಯಾಲಿ ಪ್ರೈಮ್‌ನಲ್ಲಿ ಖರೀದಿ, ಮಾರಾಟ, ರಸೀದಿ ಎಂಟ್ರಿ | ಇದೆ |
| 5 | ಎಕ್ಸೆಲ್ ಪಿವೊಟ್, ಲುಕಪ್ | ಕಡ್ಡಾಯ | ಕೌಶಲ: ಎಂಎಸ್ ಆಫೀಸ್ | ಮಸುಕು |
| 6 | ಜಿಎಸ್‌ಟಿಆರ್-1, 3ಬಿ ಸಲ್ಲಿಕೆ | ಕಡ್ಡಾಯ | ಜಿಎಸ್‌ಟಿ ಕೆಲಸ ನೋಡಿಕೊಳ್ಳುವುದು | ಮಸುಕು |
| 7 | 2ಬಿ ತಾಳೆ | ಕಡ್ಡಾಯ | (ಖಾಲಿ) | ಬರೆದಿಲ್ಲ |
| 8 | ಟಿಡಿಎಸ್ ಕಡಿತ, ಪಾವತಿ | ಕಡ್ಡಾಯ | ಟಿಡಿಎಸ್‌ನಲ್ಲಿ ಆಡಿಟರ್‌ಗೆ ಸಹಾಯ | ಮಸುಕು |
| 9 | ಟಿಡಿಎಸ್ ತ್ರೈಮಾಸಿಕ ರಿಟರ್ನ್ | ಕಡ್ಡಾಯ | (ಖಾಲಿ) | ಇಲ್ಲ |
| 10 | ಬ್ಯಾಂಕ್ ರೀಕನ್ಸಿಲಿಯೇಷನ್ | ಕಡ್ಡಾಯ | (ಖಾಲಿ) | ಬರೆದಿಲ್ಲ |
| 11 | 5ರೊಳಗೆ ತಿಂಗಳ ಮುಕ್ತಾಯ | ಕಡ್ಡಾಯ | (ಖಾಲಿ) | ಇಲ್ಲ |
| 12 | ಉತ್ಪಾದನಾ ಘಟಕ | ಆದ್ಯತೆ | (ಖಾಲಿ) | ಇಲ್ಲ |
| 13 | ಎಸ್‌ಎಪಿ | ಆದ್ಯತೆ | (ಖಾಲಿ) | ಇಲ್ಲ |
| 14 | ಕನ್ನಡ, ಇಂಗ್ಲಿಷ್ | ಕಡ್ಡಾಯ | ಭಾಷೆ: ಕನ್ನಡ, ಇಂಗ್ಲಿಷ್, ಹಿಂದಿ | ಇದೆ |

3ನೇ ಸಾಲಿಗೂ 6ನೇ ಸಾಲಿಗೂ ಒಂದೇ ವಾಕ್ಯ ಬಂದಿರುವುದನ್ನು ನೋಡಿ. ಒಂದೇ ವಾಕ್ಯ ಎರಡು ಮೂರು ಬೇಡಿಕೆಗಳ ಎದುರು ಕೂತಿದ್ದರೆ ಅದು ಎಲ್ಲ ಕಡೆಯೂ ಮಸುಕಾಗಿರುವ ಸಾಧ್ಯತೆಯೇ ಹೆಚ್ಚು.

ಎಕ್ಸೆಲ್‌ನಲ್ಲಿ ಈ ಪಟ್ಟಿ ಮಾಡುವುದಾದರೆ ತೂಕ ಮತ್ತು ಗುರುತಿನ ಕಾಲಂಗಳಿಗೆ `Data Validation` ಮೂಲಕ ಡ್ರಾಪ್‌ಡೌನ್ ಹಾಕಿ. ಕನ್ನಡದಲ್ಲಿ ಟೈಪ್ ಮಾಡುವಾಗ ಪದದ ಕೊನೆಗೆ ಒಂದು ಸ್ಪೇಸ್ ಸೇರಿದರೂ ಸೂತ್ರಕ್ಕೆ ಅದು ಬೇರೆ ಪದ, ಎಣಿಕೆ ತಪ್ಪುತ್ತದೆ. ತೂಕ C ಕಾಲಂನಲ್ಲಿ, ಗುರುತು E ಕಾಲಂನಲ್ಲಿದ್ದರೆ ಕಡ್ಡಾಯ ಸಾಲುಗಳಲ್ಲಿ ಎಷ್ಟು "ಇಲ್ಲ" ಎಂಬುದಕ್ಕೆ:

```
=COUNTIFS(C2:C15,"ಕಡ್ಡಾಯ",E2:E15,"ಇಲ್ಲ")
```

ನಮ್ಮ ಪಟ್ಟಿಯಲ್ಲಿ ಉತ್ತರ 2. ಒಟ್ಟಾರೆ 3 ಇದೆ, 5 ಮಸುಕು, 2 ಬರೆದಿಲ್ಲ, 4 ಇಲ್ಲ. ಈ ಅಂಕಿಗಳನ್ನು ಒಂದು ಕ್ಷಣ ನೋಡಿ. ಈಗಿನ ರೆಸ್ಯೂಮೆ ಕಳಿಸಿದರೆ ಓದುವವರಿಗೆ 14ರಲ್ಲಿ 3 ಮಾತ್ರ ಸ್ಪಷ್ಟವಾಗಿ ಕಾಣುತ್ತವೆ. ಹೊಸದಾಗಿ ಏನನ್ನೂ ಕಲಿಯದೆ, ಬರೀ ಬರವಣಿಗೆ ಸರಿಪಡಿಸಿದರೆ 10 ಕಾಣುತ್ತವೆ.

## ಮಸುಕು ಮತ್ತು "ಬರೆದಿಲ್ಲ" ಸಾಲುಗಳನ್ನು ಸರಿಪಡಿಸುವುದು

ವರ್ಷಗಳಿಂದ ಶುರು ಮಾಡಿ. "2021–2024" ಎಂದರೆ 2021ರ ಡಿಸೆಂಬರಿನಿಂದ 2024ರ ಜನವರಿಯೂ ಆಗಬಹುದು, ಅದು 2 ವರ್ಷ 2 ತಿಂಗಳು. ನಮ್ಮ ಅಭ್ಯರ್ಥಿ ಕೆಲಸ ಮಾಡಿದ್ದು 2021ರ ಆಗಸ್ಟ್‌ನಿಂದ 2024ರ ಅಕ್ಟೋಬರ್‌ವರೆಗೆ, ಒಟ್ಟು 39 ತಿಂಗಳು. ತಿಂಗಳು ಬರೆದ ಕೂಡಲೇ 2ನೇ ಸಾಲು "ಇದೆ" ಆಗುತ್ತದೆ. ಆದರೆ 3ನೇ ಸಾಲಿಗೆ ಈ 39ನ್ನು ಹಾಗೇ ಹಾಕುವಂತಿಲ್ಲ. ಮೊದಲ 10 ತಿಂಗಳು ಅವರು ಬಿಲ್ಲಿಂಗ್ ಕೌಂಟರಿನಲ್ಲಿದ್ದರು, ಜಿಎಸ್‌ಟಿ ಕೈಗೆ ಬಂದದ್ದು 2022ರ ಜೂನ್‌ನಲ್ಲಿ. ಅಂದರೆ 29 ತಿಂಗಳು, ಕೇಳಿರುವ 2 ವರ್ಷಕ್ಕೆ ಸಾಕು. ಒಟ್ಟು ಅನುಭವವನ್ನೇ ಪ್ರತಿ ಕೌಶಲದ ಅನುಭವ ಎಂದು ಬರೆಯುವುದು ಬಹಳ ಸಾಮಾನ್ಯವಾದ ತಪ್ಪು, ಇಂಟರ್‌ವ್ಯೂನಲ್ಲಿ ಎರಡು ಪ್ರಶ್ನೆ ಕೇಳಿದರೆ ಹೊರಬೀಳುತ್ತದೆ.

ರಿಟರ್ನ್ ಸಾಲಿನಲ್ಲಿ ಇನ್ನೊಂದು ಎಚ್ಚರ ಬೇಕು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿವರೆಗೆ ಇರುವವರು ಕ್ಯೂಆರ್‌ಎಂಪಿ ಯೋಜನೆ ಆರಿಸಿಕೊಂಡು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬಹುದು. ನೀವು ಕೆಲಸ ಮಾಡಿದ ಅಂಗಡಿ ಹಾಗಿದ್ದರೆ "ಪ್ರತಿ ತಿಂಗಳು ಜಿಎಸ್‌ಟಿಆರ್-1, 3ಬಿ ಸಲ್ಲಿಕೆ" ಎಂದು ಬರೆಯಬೇಡಿ, ಅದು ಸುಳ್ಳಾಗುತ್ತದೆ. ತ್ರೈಮಾಸಿಕ ಎಂದೇ ಬರೆಯಿರಿ. ನಮ್ಮ ಅಭ್ಯರ್ಥಿಯ ಅಂಗಡಿ ತಿಂಗಳ ರಿಟರ್ನ್ ಹಾಕುವಂಥದ್ದು ಎಂದಿಟ್ಟುಕೊಳ್ಳೋಣ.

ಇನ್ನು 7ನೇ ಸಾಲು. ಅವರು ಪ್ರತಿ ತಿಂಗಳು 14ರಂದು ಪೋರ್ಟಲಿನಲ್ಲಿ ಬರುವ 2ಬಿಯನ್ನು ಇಳಿಸಿಕೊಂಡು ಟ್ಯಾಲಿಯ ಖರೀದಿ ಪುಸ್ತಕದೊಡನೆ ಎಕ್ಸೆಲ್‌ನಲ್ಲಿ ತಾಳೆ ನೋಡುತ್ತಿದ್ದರು. ಅದನ್ನು ಹೀಗೆ ಬರೆಯಬಹುದು:

> ಪ್ರತಿ ತಿಂಗಳು ಸುಮಾರು 180 ಖರೀದಿ ಬಿಲ್‌ಗಳನ್ನು ಜಿಎಸ್‌ಟಿಆರ್-2ಬಿ ಜೊತೆ ಎಕ್ಸೆಲ್ ಲುಕಪ್ ಬಳಸಿ ತಾಳೆ ನೋಡಿದ್ದು. 2ಬಿಯಲ್ಲಿ ಬಾರದ ಬಿಲ್‌ಗಳನ್ನು ಸರಬರಾಜುದಾರರಿಂದ ಅಪ್‌ಲೋಡ್ ಮಾಡಿಸಿದ್ದು.

ಈ ಒಂದು ವಾಕ್ಯ 7ನೇ ಸಾಲನ್ನು ತುಂಬುವುದರ ಜೊತೆಗೆ 5ನೇ ಸಾಲಿನ ಲುಕಪ್‌ಗೂ ಪುರಾವೆಯಾಗುತ್ತದೆ. ಮೊದಲು ಮಸುಕು ವಾಕ್ಯ ಎರಡು ಕಡೆ ಕೂತಿದ್ದಕ್ಕೂ ಈಗ ಸ್ಪಷ್ಟ ವಾಕ್ಯ ಎರಡು ಕಡೆ ಕೂತಿರುವುದಕ್ಕೂ ಇರುವ ವ್ಯತ್ಯಾಸ ಇದೇ. ಪಿವೊಟ್‌ಗೆ ಇನ್ನೊಂದು ವಾಕ್ಯ ಬೇಕು: ಪಾರ್ಟಿವಾರು ಬಾಕಿ ಪಟ್ಟಿಯನ್ನು ಅವರು ಪಿವೊಟ್‌ನಲ್ಲೇ ತೆಗೆಯುತ್ತಿದ್ದರೆ ಅದನ್ನು ಹೇಳಬೇಕು.

180 ಎಂಬ ಸಂಖ್ಯೆಯನ್ನು ಅಂದಾಜಿನಿಂದ ಹಾಕಬಾರದು. ಟ್ಯಾಲಿಯ ಸ್ಟ್ಯಾಟಿಸ್ಟಿಕ್ಸ್ ವರದಿಯಲ್ಲಿ ಯಾವ ಬಗೆಯ ವೋಚರ್ ಎಷ್ಟು ಎಂದು ಕಾಣುತ್ತದೆ. ಮೂರು ತಿಂಗಳ ಖರೀದಿ ವೋಚರ್ ನೋಡಿ ಸರಾಸರಿ ತೆಗೆದರೆ ಸಾಕು. ಕೆಲಸ ಬಿಟ್ಟಾಗಿದ್ದು ಎಣಿಸುವ ದಾರಿ ಇಲ್ಲದಿದ್ದರೆ ಸಂಖ್ಯೆ ಬಿಟ್ಟು "ಪ್ರತಿ ತಿಂಗಳು" ಎಂಬ ಆವರ್ತನ ಮಾತ್ರ ಬರೆಯಿರಿ. ಪಾರ್ಟಿಗಳ ಹೆಸರು, ಮಾಲೀಕರ ವಹಿವಾಟಿನ ಮೊತ್ತ ರೆಸ್ಯೂಮೆಗೆ ಬರಬಾರದು. ಆ ಗುಟ್ಟನ್ನು ಬಿಟ್ಟುಕೊಟ್ಟವರಿಗೆ ಇನ್ನೊಂದು ಕಂಪನಿ ತನ್ನ ಲೆಕ್ಕ ಒಪ್ಪಿಸಲು ಹಿಂಜರಿಯುತ್ತದೆ.

ಪದಗಳ ವಿಷಯದಲ್ಲಿ ಜೆಡಿಯ ಪದವನ್ನೇ ಬಳಸಿ. ನೀವು "ಬಿಆರ್‌ಎಸ್" ಎಂದು ಬರೆದು, ಜೆಡಿಯಲ್ಲಿ "ಬ್ಯಾಂಕ್ ರೀಕನ್ಸಿಲಿಯೇಷನ್" ಎಂದಿದ್ದರೆ, ಪದ ಹುಡುಕಿ ಸೋಸುವ ತಂತ್ರಾಂಶಕ್ಕೂ ಲೆಕ್ಕ ಗೊತ್ತಿಲ್ಲದ ಎಚ್‌ಆರ್‌ಗೂ ಅವೆರಡೂ ಒಂದೇ ಎಂದು ತಿಳಿಯದೆ ಹೋಗಬಹುದು. ಒಮ್ಮೆ ಪೂರ್ತಿ ಹೆಸರು, ಪಕ್ಕದಲ್ಲಿ ಸಂಕ್ಷಿಪ್ತ ರೂಪ ಹಾಕಿ.

8ನೇ ಸಾಲಿನ "ಆಡಿಟರ್‌ಗೆ ಸಹಾಯ" ಎಂಬ ಮಾತು ಮಾಡಿದ ಕೆಲಸವನ್ನೇ ಮುಚ್ಚಿಹಾಕಿದೆ. ಬಾಡಿಗೆ, ಸಾರಿಗೆ, ವೃತ್ತಿಪರ ಶುಲ್ಕದ ಬಿಲ್ಲುಗಳಲ್ಲಿ ಟಿಡಿಎಸ್ ಲೆಕ್ಕ ಹಾಕಿ, ಕಡಿದು, ಚಲನ್ ಕಟ್ಟಿದವರು ಇವರೇ. ಹಾಗಿದ್ದಮೇಲೆ ಹಾಗೆಯೇ ಬರೆಯಬೇಕು. "ಸಹಾಯ", "ನೋಡಿಕೊಳ್ಳುವುದು", "ಸಂಬಂಧಿಸಿದ ಕೆಲಸ" ಎಂಬ ಪದಗಳಿರುವ ಪ್ರತಿ ಸಾಲನ್ನೂ ಹುಡುಕಿ ತಿದ್ದಿ. ನಮ್ಮಲ್ಲಿ ವಿನಯಕ್ಕೆಂದು ಬರೆಯುವ ಈ ಪದಗಳೇ ಹೆಚ್ಚಿನ ಮಸುಕಿಗೆ ಕಾರಣ.

## ನಿಜವಾಗಿ ಇಲ್ಲದ್ದರ ವಿಚಾರ

ಉಳಿದದ್ದು ನಾಲ್ಕು "ಇಲ್ಲ". ಇವನ್ನು ಬರವಣಿಗೆಯಿಂದ ತುಂಬಲಾಗದು, ತುಂಬಲೂ ಬಾರದು. ಮೊದಲು ಆದ್ಯತೆಯ ಎರಡನ್ನು ಬದಿಗಿಡಿ. ಒಂದು ಜಾಹೀರಾತಿನಲ್ಲಿ "ಇದ್ದರೆ ಒಳ್ಳೆಯದು" ಎಂದು ಕಂಡಿತೆಂದು ದುಡ್ಡು ಕಟ್ಟಿ ಎಸ್‌ಎಪಿ ತರಗತಿಗೆ ಸೇರುವುದು ಅವಸರವಾಗುತ್ತದೆ. ಇದೇ ಬಗೆಯ ಐದು ಜೆಡಿಗಳಿಗೆ ಪಟ್ಟಿ ಮಾಡಿ ನೋಡಿ. ಐದರಲ್ಲಿ ನಾಲ್ಕರಲ್ಲಿ ಎಸ್‌ಎಪಿ ಕಾಣಿಸಿಕೊಂಡು, ಅದರಲ್ಲೂ ಎರಡರಲ್ಲಿ ಕಡ್ಡಾಯವಾಗಿದ್ದರೆ ಆಗ ಕಲಿಯುವ ಮಾತು.

ಕಡ್ಡಾಯದ ಎರಡರಲ್ಲಿ ಟಿಡಿಎಸ್ ರಿಟರ್ನ್ ವಾರದಲ್ಲಿ ಅಭ್ಯಾಸ ಮಾಡಬಹುದಾದದ್ದು. ರಿಟರ್ನ್ ತಯಾರಿಸುವ ಯುಟಿಲಿಟಿ ಉಚಿತವಾಗಿ ಸಿಗುತ್ತದೆ. ಕಲ್ಪಿತ ಚಲನ್, ಟಿಡಿಎಸ್ ಕಡಿಸಿಕೊಂಡವರ ಕಲ್ಪಿತ ವಿವರ ತುಂಬಿ, ದೋಷ ಪರಿಶೀಲನೆ ನಡೆಸಿ, ಬರುವ ತಪ್ಪುಗಳನ್ನು ಸರಿಪಡಿಸುತ್ತ ಹೋದರೆ ಕೆಲಸದ ಹಂತಗಳು ಕೈಗೆ ಬರುತ್ತವೆ. ಹಾಗೆಂದು "ರಿಟರ್ನ್ ಸಲ್ಲಿಸಿದ್ದೇನೆ" ಎಂದು ಬರೆಯುವಂತಿಲ್ಲ. "ಯುಟಿಲಿಟಿಯಲ್ಲಿ ಅಭ್ಯಾಸ ಮಾಡಿದ್ದೇನೆ" ಎನ್ನಬಹುದು. ಪಟ್ಟಿಯಲ್ಲಿ ಅದರ ಗುರುತು "ಇಲ್ಲ"ದಿಂದ "ಮಸುಕು"ಗೆ ಏರುತ್ತದೆ, ಅದಕ್ಕಿಂತ ಮೇಲೆ ಹೋಗುವುದಿಲ್ಲ.

ತಿಂಗಳ ಮುಕ್ತಾಯ ಹೆಚ್ಚು ಕಠಿಣ. ಸಗಟು ಅಂಗಡಿಯಲ್ಲಿ ಲೆಕ್ಕ ಮುಗಿಸುವುದು ಸಾಮಾನ್ಯವಾಗಿ ಮಾರ್ಚಿಗೆ, ಅದೂ ಆಡಿಟರ್ ಬಂದಾಗ. ಕಾರ್ಖಾನೆಯಲ್ಲಿ ಪ್ರತಿ ತಿಂಗಳೂ ಬಾರದ ಬಿಲ್ಲುಗಳಿಗೆ ಪ್ರಾವಿಷನ್, ಮುಂಗಡ ಕೊಟ್ಟ ಖರ್ಚಿನ ಹಂಚಿಕೆ, ಸವಕಳಿ, ದಾಸ್ತಾನಿನ ಮೌಲ್ಯ ಎಲ್ಲ ಹಾಕಿ ಲಾಭ-ನಷ್ಟ ತೆಗೆಯಬೇಕು. ಈ ನಾಲ್ಕು ಎಂಟ್ರಿಗಳನ್ನು ಟ್ಯಾಲಿಯಲ್ಲಿ ಅಭ್ಯಾಸದ ಕಂಪನಿಯೊಂದನ್ನು ಸೃಷ್ಟಿಸಿ ಒಂದು ತಿಂಗಳಿಗೆ ಮಾಡಿ ನೋಡಬಹುದು. 5ರ ಗಡುವಿನ ಒತ್ತಡ ಮಾತ್ರ ಅಭ್ಯಾಸದಲ್ಲಿ ಸಿಗುವುದಿಲ್ಲ.

ಹಾಗಾದರೆ ಅರ್ಜಿ ಹಾಕಬೇಕೆ? ಬರವಣಿಗೆ ಸರಿಪಡಿಸಿದ ಮೇಲೂ ಕಡ್ಡಾಯ ಸಾಲುಗಳಲ್ಲಿ ಕಾಲು ಭಾಗದೊಳಗೆ "ಇಲ್ಲ" ಉಳಿದಿದ್ದರೆ ಹಾಕಿ ಎನ್ನುವುದು ನಮ್ಮ ಅಭಿಪ್ರಾಯ. ಇಲ್ಲಿ 12ರಲ್ಲಿ 2, ಹಾಕಲೇಬೇಕು. ಅರ್ಧ ದಾಟಿದರೆ ಆ ಸಮಯವನ್ನು ಬೇರೆ ಜೆಡಿಗೆ ಕೊಡಿ. ಇದಕ್ಕೊಂದು ಅಪವಾದ ಇದೆ. ಪದವಿ, ಒಟ್ಟು ವರ್ಷ, ಊರು, ನೋಟಿಸ್ ಅವಧಿ ಇವನ್ನು ಅರ್ಜಿಯಲ್ಲೇ ಪ್ರತ್ಯೇಕ ಪ್ರಶ್ನೆಯಾಗಿ ಕೇಳಿದ್ದರೆ, ಅದರಲ್ಲಿ ಒಂದು "ಇಲ್ಲ" ಇದ್ದರೂ ರೆಸ್ಯೂಮೆಯನ್ನು ತೆರೆಯದೆ ಬದಿಗಿಡಬಹುದು. ಅಂಥ ಸಾಲುಗಳನ್ನು ಪಟ್ಟಿಯ ಮೇಲ್ಭಾಗಕ್ಕೆ ತಂದು ಮೊದಲು ನೋಡಿ.

## ಗುರುತುಗಳು ನಿಜವೇ ಎಂದು ಪರೀಕ್ಷಿಸುವುದು

ನಿಮಗೆ ನೀವೇ ಗುರುತು ಹಾಕಿಕೊಂಡಾಗ ಕೈ ಧಾರಾಳವಾಗುತ್ತದೆ. ಹೊಸ ಸಾಲುಗಳನ್ನು ತುಂಬಿದ ಮೇಲೆ ಗುರುತಿನ ಕಾಲಂ ಮರೆಮಾಡಿ, ಬೇಡಿಕೆ ಮತ್ತು ಪುರಾವೆಯ ಕಾಲಂಗಳನ್ನು ಮಾತ್ರ ಗೆಳೆಯರೊಬ್ಬರಿಗೆ ಕೊಟ್ಟು "ಇದೆ" ಅಥವಾ "ಮಸುಕು" ಹಾಕಲು ಹೇಳಿ. ಅವರು ಅಕೌಂಟ್ಸ್‌ನವರು ಆಗಿರದಿದ್ದರೆ ಇನ್ನೂ ಒಳ್ಳೆಯದು, ರೆಸ್ಯೂಮೆಯನ್ನು ಮೊದಲು ಓದುವ ಎಚ್‌ಆರ್ ಕೂಡ ಹಾಗೆಯೇ ಇರುತ್ತಾರೆ. ನಿಮ್ಮ "ಇದೆ"ಗೆ ಅವರ "ಮಸುಕು" ಬಂದ ಕಡೆಯಲ್ಲಿ ವಾದ ಮಾಡದೆ ವಾಕ್ಯ ತಿದ್ದಿ.

ಪಟ್ಟಿಯ ಕೊನೆಯಲ್ಲಿ ಇನ್ನೊಂದು ಕಾಲಂ ಸೇರಿಸಿ, "ಇಲ್ಲ" ಮತ್ತು ಅಭ್ಯಾಸದಿಂದ "ಮಸುಕು" ಆದ ಸಾಲುಗಳ ಎದುರು ಇಂಟರ್‌ವ್ಯೂನಲ್ಲಿ ಹೇಳುವ ಉತ್ತರವನ್ನು ಎರಡು ವಾಕ್ಯದಲ್ಲಿ ಬರೆದಿಡಿ. 9ನೇ ಸಾಲಿಗೆ: "ಕಡಿತ, ಚಲನ್ ಎರಡನ್ನೂ ನಾನೇ ಮಾಡುತ್ತಿದ್ದೆ ಸರ್, ರಿಟರ್ನ್ ಮಾತ್ರ ಆಡಿಟರ್ ಕಚೇರಿಯಲ್ಲಿ ಹಾಕುತ್ತಿದ್ದರು. ಯುಟಿಲಿಟಿಯಲ್ಲಿ ತಯಾರಿಸಿ ಅಭ್ಯಾಸ ಮಾಡಿದ್ದೇನೆ, ಮೊದಲ ತ್ರೈಮಾಸಿಕದಲ್ಲಿ ಒಬ್ಬರು ಪರಿಶೀಲಿಸಿಕೊಟ್ಟರೆ ಸಾಕು." 11ಕ್ಕೆ: "ತಿಂಗಳ ಮುಕ್ತಾಯ ನಮ್ಮಲ್ಲಿ ಇರಲಿಲ್ಲ, ವರ್ಷಕ್ಕೊಮ್ಮೆ ಮಾತ್ರ. ಪ್ರಾವಿಷನ್ ಮತ್ತು ಸವಕಳಿ ಎಂಟ್ರಿ ಗೊತ್ತು, ನಿಮ್ಮಲ್ಲಿ 1ರಿಂದ 5ರವರೆಗೆ ಯಾವ ಕ್ರಮದಲ್ಲಿ ಮಾಡುತ್ತೀರಿ?"